ಬ್ರೋಷರ್‌ನ ಪಿಡಿಎಫ್‌ನಿಂದ ತಿದ್ದಲು ಬರುವ ಸ್ಲೈಡ್: ಬಿಡಿಸಿ ಜೋಡಿಸುವ ದಾರಿ

ಕಳೆದ ಮಳೆಗಾಲದಲ್ಲಿ ನಮ್ಮೂರಿನ ರೈತ ಉತ್ಪಾದಕ ಸಂಸ್ಥೆಯ ಕಾರ್ಯದರ್ಶಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. "ಸೋಮವಾರ ಬ್ಯಾಂಕಿನವರ ಮುಂದೆ ಹತ್ತು ನಿಮಿಷ ಮಾತಾಡಬೇಕು, ಸ್ಲೈಡ್ ತನ್ನಿ ಅಂದಿದಾರೆ. ನಮ್ಮ ಹತ್ರ ಇರೋದು ಈ ಬ್ರೋಷರ್ ಒಂದೇ ಮಾರಾಯ್ರೆ." ಕಾಳುಮೆಣಸು, ಜೇನು, ಮುರುಗಲು ಸಿಪ್ಪೆ ಮಾರುವ ಆ ಸಂಸ್ಥೆಯ ಮೂರು ಮಡಿಕೆಯ ಬ್ರೋಷರ್ ಅದು. ಮುದ್ರಣದವರ ಬಳಿ ಮೂಲ ಕಡತ ಉಳಿದಿರಲಿಲ್ಲ, ಎರಡು ಪುಟದ ಪಿಡಿಎಫ್ ಮಾತ್ರ ಇತ್ತು.

ಅವರು ಸುಮ್ಮನೆ ಕೂತಿರಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಒಂದು ಉಚಿತ ಪರಿವರ್ತಕಕ್ಕೆ ಪಿಡಿಎಫ್ ಹಾಕಿ ಪವರ್‌ಪಾಯಿಂಟ್ ಕಡತ ಮಾಡಿಕೊಂಡಿದ್ದರು. ತೆರೆದು ನೋಡಿದರೆ ಥೇಟ್ ಬ್ರೋಷರ್‌ನಂತೆಯೇ ಕಾಣುತ್ತಿತ್ತು. ಜೇನಿನ ಬೆಲೆ ತಿದ್ದಲು ಹೋದಾಗ ಗೊತ್ತಾಯಿತು: ಏಳು ಸಾಲಿನ ಒಂದು ಪ್ಯಾರಾ ಏಳು ಬೇರೆ ಬೇರೆ ಪೆಟ್ಟಿಗೆಗಳಾಗಿತ್ತು. ಮೆಣಸಿನ ಬಳ್ಳಿಯ ಫೋಟೊ ಹನ್ನೊಂದು ಅಡ್ಡಪಟ್ಟಿಗಳಾಗಿ ಸೀಳಿಹೋಗಿತ್ತು. ಶೀರ್ಷಿಕೆಯಲ್ಲಿ ಕರ್ನಾಟಕ ಎಂದು ಇದ್ದಲ್ಲಿ ಒಂದಕ್ಷರ ಸೇರಿಸಿದ್ದೇ ತಡ, ಅದು `PÀ£ÁðlPÀ` ಎಂದು ಬದಲಾಯಿತು.

ಇಂಥ ಕಡತ ನಿಮಗೂ ಸಿಕ್ಕಿರಬಹುದು. ಅದನ್ನು ಒಂದೊಂದಾಗಿ ರಿಪೇರಿ ಮಾಡಲು ಕೂರಬೇಡಿ. ಬ್ರೋಷರ್‌ನಿಂದ ಅಕ್ಷರ, ಫೋಟೊ, ರೇಖಾಚಿತ್ರ ಮೂರನ್ನೂ ಬೇರೆ ಬೇರೆಯಾಗಿ ಹೊರತೆಗೆದು, ಖಾಲಿ ಸ್ಲೈಡಿನಲ್ಲಿ ಹೊಸದಾಗಿ ಕೂರಿಸುವುದೇ ಬೇಗ ಮುಗಿಯುವ ದಾರಿ. ಎರಡು ಪುಟದ ಬ್ರೋಷರ್‌ಗೆ ಒಂದು ಮಧ್ಯಾಹ್ನ ಸಾಕು.

ಪರಿವರ್ತಕ ಎಡವುವುದು ಎಲ್ಲಿ?

1993ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ಅನ್ನು ಹೊರತಂದದ್ದು, ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ತೆಗೆದರೂ ಪುಟ ಒಂದೇ ರೀತಿ ಕಾಣಬೇಕು ಎಂದು. ತಿದ್ದುವುದು ಆಗಿನ ಗುರಿಯಲ್ಲಿ ಇರಲೇ ಇಲ್ಲ. ಹಾಗಾಗಿ ಪಿಡಿಎಫ್‌ನ ಒಳಗೆ ಪ್ಯಾರಾ, ಕಾಲಂ, ಶೀರ್ಷಿಕೆ ಎಂಬ ಗುರುತುಗಳು ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ಬರಹ ಹೀಗಿರುತ್ತದೆ:

```
BT
/F1 11 Tf
72 640 Td
(Honey 500 g) Tj
ET
```

ಎಫ್1 ಎಂಬ ಅಕ್ಷರಮಾದರಿಯನ್ನು 11 ಪಾಯಿಂಟ್ ಗಾತ್ರದಲ್ಲಿ ತೆಗೆದುಕೋ, ಎಡದಿಂದ 72 ಪಾಯಿಂಟ್, ಅಂದರೆ ಒಂದು ಇಂಚು, ಕೆಳಗಿನಿಂದ 640 ಪಾಯಿಂಟ್ ದೂರದಲ್ಲಿ ಇಷ್ಟು ಅಕ್ಷರ ಬರೆ ಎಂಬ ಅಪ್ಪಣೆ ಇದು. ಮುಂದಿನ ಸಾಲಿಗೆ ಮತ್ತೊಂದು ಅಪ್ಪಣೆ. ಈ ಎರಡು ಸಾಲು ಒಂದೇ ವಾಕ್ಯದ ತುಂಡುಗಳು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಪರಿವರ್ತಕ ಅಂತರ ನೋಡಿ ಊಹಿಸುತ್ತದೆ. ಸಾದಾ ಪತ್ರದಲ್ಲಿ ಆ ಊಹೆ ಸರಿಹೋಗುತ್ತದೆ. ಮೂರು ಕಾಲಂ, ಬಣ್ಣದ ಹಿನ್ನೆಲೆ, ಫೋಟೊ ಮೇಲೆ ಅಕ್ಷರ ಇರುವ ಬ್ರೋಷರ್‌ನಲ್ಲಿ ತಪ್ಪುತ್ತದೆ.

ಅಕ್ಷರಮಾದರಿಯದು ಇನ್ನೊಂದು ಕಥೆ. ಕಡತ ಹಗುರವಾಗಿರಲಿ ಎಂದು ಪಿಡಿಎಫ್ ಒಳಗೆ ಸಾಮಾನ್ಯವಾಗಿ ಪೂರ್ತಿ ಫಾಂಟ್ ಹಾಕುವುದಿಲ್ಲ, ಆ ಪುಟಗಳಲ್ಲಿ ಬಳಕೆಯಾದ ಅಕ್ಷರಗಳನ್ನಷ್ಟೇ ತುಂಬುತ್ತಾರೆ. ಬ್ರೋಷರ್‌ನಲ್ಲಿ ಎಲ್ಲೂ 'ಘ' ಇಲ್ಲದಿದ್ದರೆ ಆ ಫಾಂಟಿನಲ್ಲಿ 'ಘ' ಇರುವುದೇ ಇಲ್ಲ. ನೀವು ಹೊಸ ಪದ ಟೈಪ್ ಮಾಡಿದ ಕ್ಷಣ ಸ್ಲೈಡು ಬೇರೆ ಫಾಂಟಿಗೆ ಜಾರುವುದು ಇದರಿಂದಲೇ.

ಮೊದಲು ನಿಮ್ಮ ಪಿಡಿಎಫ್ ಯಾವ ಜಾತಿಯದು ನೋಡಿ

ಎರಡು ನಿಮಿಷದ ಕೆಲಸ ಇದು. ಬಿಟ್ಟರೆ ಆಮೇಲೆ ಎರಡು ಗಂಟೆ ಹೋಗುತ್ತದೆ. ಪಿಡಿಎಫ್ ತೆರೆದು ಶೇಕಡಾ 800ಕ್ಕೆ ಹಿಗ್ಗಿಸಿ. ಅಕ್ಷರದ ಅಂಚು ಚೌಕಚೌಕವಾಗಿ ಒಡೆದು ಕಂಡರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅಂಚು ಹರಿತವಾಗಿಯೇ ಇದ್ದರೆ ಮೌಸ್‌ನಿಂದ ಒಂದು ಪದ ಆಯ್ದು ನೋಡಿ. ಆಯ್ಕೆಯೇ ಆಗದಿದ್ದರೆ, ಮುದ್ರಣಕ್ಕೆ ಕಳಿಸುವಾಗ ಅಕ್ಷರಗಳನ್ನು ಕರ್ವ್ಸ್ ಮಾಡಿದ್ದಾರೆ. ಡಿಟಿಪಿಯವರು ಫಾಂಟ್ ತೊಂದರೆ ಬರದಿರಲಿ ಎಂದು ಅಕ್ಷರವನ್ನು ಗೆರೆಯ ಆಕಾರವಾಗಿ ಬದಲಿಸುವುದಕ್ಕೆ ಹೇಳುವ ಮಾತು ಅದು.

ಆಯ್ಕೆ ಆದರೆ ಆ ಪದವನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡ ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್. `PÀ£ÀßqÀ` ಎಂಬಂತೆ ಬಂದರೆ ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರ. ಅಲ್ಲಿ ಕಂಪ್ಯೂಟರ್ ಪಾಲಿಗೆ ಇರುವುದು ಇಂಗ್ಲಿಷ್ ಚಿಹ್ನೆಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಬೇರೆ ಇನ್ನೇನೋ ಗೋಜಲು ಬಂದರೆ ಶ್ರೀಲಿಪಿಯಂಥ ಮತ್ತೊಂದು ಸಂಕೇತಕ್ರಮ ಇರಬಹುದು.

ಆದೇಶ ಟೈಪ್ ಮಾಡುವ ಅಭ್ಯಾಸವಿದ್ದವರಿಗೆ ಪಾಪ್ಲರ್ ಎಂಬ ಉಚಿತ ಸಲಕರಣೆಯಲ್ಲಿ ಇದೇ ಉತ್ತರ ಇನ್ನೂ ಖಚಿತವಾಗಿ ಸಿಗುತ್ತದೆ:

```
pdffonts brochure.pdf
pdfimages -list brochure.pdf
```

ಮೊದಲನೆಯದು ಫಾಂಟುಗಳ ಪಟ್ಟಿ. ಪಟ್ಟಿ ಖಾಲಿ ಬಂದರೆ ಸ್ಕ್ಯಾನ್ ಅಥವಾ ಕರ್ವ್ಸ್. ಹೆಸರಿನ ಆರಂಭದಲ್ಲಿ ಆರು ದೊಡ್ಡಕ್ಷರ ಮತ್ತು ಒಂದು ಕೂಡಿಸುವ ಚಿಹ್ನೆ ಇದ್ದರೆ, ನಾನು ಮೇಲೆ ಹೇಳಿದ ಅರೆಬರೆ ಫಾಂಟು. ಎರಡನೆಯದು ಚಿತ್ರಗಳ ಪಟ್ಟಿ. ಪುಟಕ್ಕೆ ಒಂದೇ ಒಂದು ಭಾರೀ ಚಿತ್ರವಿದ್ದರೆ ಅದು ಸ್ಕ್ಯಾನ್.

ಕಾರ್ಯದರ್ಶಿಗಳ ಬ್ರೋಷರ್‌ನಲ್ಲಿ ಕನ್ನಡ ನುಡಿಯ ಆಸ್ಕಿಯಲ್ಲಿತ್ತು, ಇಂಗ್ಲಿಷ್ ಸರಿಯಾಗಿತ್ತು, ಲಾಂಛನ ಕರ್ವ್ಸ್ ಆಗಿತ್ತು. ಹೀಗೆ ಒಂದೇ ಕಡತದಲ್ಲಿ ಮೂರು ಜಾತಿ ಕೂಡಿರುವುದು ನಮ್ಮ ಕಡೆಯ ಬ್ರೋಷರ್‌ಗಳಲ್ಲಿ ಮಾಮೂಲು.

ಹಂತ 1: ಅಕ್ಷರ ತೆಗೆಯುವುದು

ಮೂರು ಮಡಿಕೆಯ ಬ್ರೋಷರ್‌ನಲ್ಲಿ ಪುಟ ಎರಡು, ಆದರೆ ಅಂಕಣ ಆರು. ಮೊದಲ ಪುಟದಲ್ಲಿ ಎಡದಿಂದ ಬಲಕ್ಕೆ ಇರುವುದು ಒಳಮಡಿಕೆ, ಹಿಂಬದಿ, ಮುಖಪುಟ. ಅಂದರೆ ಓದುಗ ಮೊದಲು ನೋಡುವ ಭಾಗ ಪಿಡಿಎಫ್‌ನಲ್ಲಿ ಬಲತುದಿಯಲ್ಲಿದೆ. ಪರಿವರ್ತಕ ಎಡದಿಂದ ಹೊರಟು ಒಳಮಡಿಕೆಯನ್ನೇ ಮೊದಲು ಇಡುತ್ತದೆ. ಆದ್ದರಿಂದ ಒಂದು ಕಾಗದದ ಮೇಲೆ ಓದುವ ಕ್ರಮ ಬರೆದುಕೊಳ್ಳಿ: ಮುಖಪುಟ, ಒಳಮಡಿಕೆ, ಎರಡನೇ ಪುಟದ ಮೂರು ಅಂಕಣ, ಕೊನೆಗೆ ಹಿಂಬದಿ. ಪಠ್ಯವನ್ನು ಈ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಅಂಕಣದಂತೆ ನಕಲು ಮಾಡಿ. ಎರಡು ಅಂಕಣ ಒಟ್ಟಿಗೆ ಆಯ್ದರೆ ಜೇನಿನ ಸಾಲಿನ ನಡುವೆ ಮೆಣಸಿನ ಸಾಲು ಬಂದು ಕೂರುತ್ತದೆ.

ಪಠ್ಯವನ್ನು ಮೊದಲು ನೋಟ್‌ಪ್ಯಾಡಿಗೆ ಅಂಟಿಸಿ, ಅಲ್ಲಿಂದ ವರ್ಡ್‌ಗೆ ಒಯ್ಯಿರಿ. ನೋಟ್‌ಪ್ಯಾಡು ಬಣ್ಣ, ಗಾತ್ರ, ಅರೆಬರೆ ಫಾಂಟಿನ ಹೆಸರು ಎಲ್ಲವನ್ನೂ ಕಳಚಿಹಾಕುತ್ತದೆ. ಇಲ್ಲಿ ನಮಗೆ ಬೇಕಾದದ್ದು ಅದೇ.

ಆಸ್ಕಿ ಅಕ್ಷರವಾದರೆ ಯೂನಿಕೋಡಿಗೆ ಬದಲಿಸಬೇಕು. ನುಡಿ, ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಸಿಗುತ್ತದೆ. ನುಡಿಯ ಪರಿವರ್ತಕ ಶ್ರೀಲಿಪಿಯ ಪಠ್ಯಕ್ಕೆ ನಡೆಯದು, ಎರಡರ ಸಂಕೇತಗಳೇ ಬೇರೆ. ಇನ್ನೊಂದು ಎಚ್ಚರ: ಬ್ರೋಷರ್‌ನಲ್ಲಿರುವ ಇಂಗ್ಲಿಷ್ ಪದಗಳನ್ನೂ ಸೇರಿಸಿ ಪರಿವರ್ತಿಸಿದರೆ ಆ ಇಂಗ್ಲಿಷೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಇ-ಮೇಲ್ ವಿಳಾಸ, ಇಂಗ್ಲಿಷ್ ಹೆಸರುಗಳನ್ನು ಮೊದಲೇ ಪಕ್ಕಕ್ಕೆ ತೆಗೆದಿಡಿ.

ಯೂನಿಕೋಡ್ ಪಿಡಿಎಫ್ ಎಂದರೆ ಪೂರ್ತಿ ಕ್ಷೇಮ ಎಂದೂ ಅಲ್ಲ. ಪಿಡಿಎಫ್ ಅಕ್ಷರಗಳನ್ನು ನೆನಪಿಡುವುದು ಕಾಣುವ ಕ್ರಮದಲ್ಲಿ, ಉಚ್ಚರಿಸುವ ಕ್ರಮದಲ್ಲಿ ಅಲ್ಲ. ಕರ್ನಾಟಕದ ಅರ್ಕಾವತ್ತು ಉಚ್ಚಾರದಲ್ಲಿ 'ನಾ'ಗಿಂತ ಮುಂಚೆ ಬಂದರೂ ಬರವಣಿಗೆಯಲ್ಲಿ ಆಮೇಲೆ ಕೂರುತ್ತದೆ. ಹಾಗಾಗಿ ನಕಲು ಮಾಡಿದಾಗ 'ಕನಾರ್ಟಕ' ಎಂದು ಬರುವುದುಂಟು. ಅಂಟಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನೇ ಹುಡುಕಿ ಓದಿ: ವರ್ಷ, ಮಾರ್ಗ, ಉತ್ಪನ್ನ, ಸಂಸ್ಥೆ. ಈ ನಾಲ್ಕೈದು ಪದ ಸರಿಯಿದ್ದರೆ ಉಳಿದದ್ದೂ ಬಹುಪಾಲು ಸರಿಯಿರುತ್ತದೆ.

ಸ್ಕ್ಯಾನ್ ಅಥವಾ ಕರ್ವ್ಸ್ ಆದರೆ ಅಕ್ಷರ ಗುರುತಿಸುವ ಓಸಿಆರ್ ಒಂದೇ ಗತಿ. ಪಿಡಿಎಫ್ ಅನ್ನು ಗೂಗಲ್ ಡ್ರೈವಿಗೆ ಹಾಕಿ ಅದರ ಡಾಕ್ಸ್‌ನಲ್ಲಿ ತೆರೆದರೆ ಕನ್ನಡವೂ ಪಠ್ಯವಾಗಿ ಬರುತ್ತದೆ. ಕಡತವನ್ನು ಹೊರಗೆ ಕಳಿಸಲು ಇಷ್ಟವಿಲ್ಲದವರು ತಮ್ಮ ಕಂಪ್ಯೂಟರಿನಲ್ಲೇ ಟೆಸೆರಾಕ್ಟ್ ಬಳಸಬಹುದು:

```
pdftoppm -r 300 -png brochure.pdf page
tesseract page-1.png out -l kan+eng
```

ಇಲ್ಲಿಯೂ ಅಂಕಣಗಳು ಬೆರೆಯುವ ಅಪಾಯ ಇದೆ. ಚಿತ್ರವನ್ನು ಮೂರು ಅಂಕಣವಾಗಿ ಕತ್ತರಿಸಿ ಒಂದೊಂದಾಗಿ ಓದಿಸುವುದು ಮೇಲು. ಅಂಕಿಗಳನ್ನು ಮಾತ್ರ ಯಂತ್ರದ ಮೇಲೆ ಬಿಡಬೇಡಿ. ಬೆಲೆ, ಫೋನ್, ಖಾತೆ ಸಂಖ್ಯೆಗಳನ್ನು ಬ್ರೋಷರ್ ಪಕ್ಕಕ್ಕಿಟ್ಟು ಬೆರಳಿಟ್ಟು ತಾಳೆ ನೋಡಿ.

ಈಗ ವರ್ಡ್‌ನಲ್ಲಿರುವ ಪಠ್ಯದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಎಂಟರ್ ಇರುತ್ತದೆ. ಪ್ಯಾರಾ ನಿಜವಾಗಿ ಮುಗಿಯುವ ಕಡೆ ಕೈಯಾರೆ ಇನ್ನೊಂದು ಎಂಟರ್ ಒತ್ತಿ. ಆಮೇಲೆ ಹುಡುಕಿ-ಬದಲಿಸುವ ಪೆಟ್ಟಿಗೆಯಲ್ಲಿ ಮೂರು ಸುತ್ತು: `^p^p` ಇದ್ದಲ್ಲಿ `@@`, ಉಳಿದ `^p` ಇದ್ದಲ್ಲಿ ಒಂದು ಖಾಲಿ ಜಾಗ, ಕೊನೆಗೆ `@@` ಇದ್ದಲ್ಲಿ `^p`. ತುಂಡು ಸಾಲುಗಳು ಸೇರಿ ಸಲೀಸಾದ ಪ್ಯಾರಾಗಳಾಗುತ್ತವೆ.

ಹಂತ 2: ಫೋಟೊ ತೆಗೆಯುವುದು

ಪರದೆಯ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಪಿಡಿಎಫ್ ಒಳಗೆ ಮುದ್ರಣಕ್ಕೆಂದು ಇಟ್ಟ ದೊಡ್ಡ ಫೋಟೊ ಹಾಗೆಯೇ ಇದೆ, ಅದನ್ನೇ ಹೊರಗೆಳೆಯಬಹುದು. ಆದೇಶ ಬೇಡವೆನ್ನುವವರು ಲಿಬ್ರೆಆಫೀಸ್ ಡ್ರಾನಲ್ಲಿ ಪಿಡಿಎಫ್ ತೆರೆದು, ಫೋಟೊ ಮೇಲೆ ಬಲ ಕ್ಲಿಕ್ ಮಾಡಿ ಉಳಿಸಿಕೊಳ್ಳಬಹುದು. ಎಲ್ಲವನ್ನೂ ಒಟ್ಟಿಗೆ ತೆಗೆಯಲು:

```
pdfimages -all brochure.pdf img
```

ಹೀಗೆ ತೆಗೆದಾಗ ಮೂರು ವಿಚಿತ್ರಗಳು ಎದುರಾಗುತ್ತವೆ. ಕಾರಣ ತಿಳಿದಿದ್ದರೆ ಮೂರೂ ಸುಲಭ.

ಕೆಲವು ಫೋಟೊಗಳ ಬಣ್ಣ ಉಲ್ಟಾ ಅಥವಾ ಕಣ್ಣಿಗೆ ಹೊಡೆಯುವಂತೆ ಬರುತ್ತದೆ. ಮುದ್ರಣದ ಫೋಟೊಗಳು ನಾಲ್ಕು ಶಾಯಿಯ ಸಿಎಂವೈಕೆ ಲೆಕ್ಕದಲ್ಲಿರುತ್ತವೆ, ಪರದೆ ಕೆಲಸ ಮಾಡುವುದು ಆರ್‌ಜಿಬಿಯಲ್ಲಿ. ಪಟ್ಟಿಯಲ್ಲಿ `cmyk` ಎಂದು ಇರುವ ಫೋಟೊಗಳನ್ನು ಸ್ಲೈಡಿಗೆ ಹಾಕುವ ಮೊದಲೇ ಇಮೇಜ್‌ಮ್ಯಾಜಿಕ್‌ನಲ್ಲಿ ಬದಲಿಸಿ:

```
magick img-003.jpg -colorspace sRGB pepper.jpg
```

ಹಿನ್ನೆಲೆ ಇಲ್ಲದ ಜೇನಿನ ಬಾಟಲಿಯ ಚಿತ್ರ ಕಪ್ಪು ಅಥವಾ ಬಿಳಿ ಚೌಕದೊಂದಿಗೆ ಬರುತ್ತದೆ, ಜೊತೆಗೆ ಅದೇ ಅಳತೆಯ ಕಪ್ಪುಬಿಳಿ ನೆರಳುಚಿತ್ರವೊಂದು ಬೇರೆ ಕಡತವಾಗಿ ಬರುತ್ತದೆ. ಪಟ್ಟಿಯಲ್ಲಿ ಅದರ ಜಾತಿ `smask`. ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು ಎಂದು ಹೇಳುವ ಮುಸುಕು ಅದು. ಬೇಡದ ಕಡತವೆಂದು ಅಳಿಸಬೇಡಿ, ಎರಡನ್ನೂ ಕೂಡಿಸಿ:

```
magick img-004.png img-005.png -alpha off \
  -compose CopyOpacity -composite bottle.png
```

ಮೂರನೆಯದು ಹನ್ನೊಂದು ಪಟ್ಟಿಗಳ ಕಥೆ. ಹಳೆಯ ಮುದ್ರಣಯಂತ್ರಗಳಿಗಾಗಿ ಪಿಡಿಎಫ್ ಮಾಡುವಾಗ ನೆರಳು, ಪಾರದರ್ಶಕತೆ ಇರುವ ಜಾಗಗಳನ್ನು ಚಪ್ಪಟೆ ಮಾಡುತ್ತಾರೆ. ಆಗ ಒಂದೇ ಫೋಟೊ ತುಂಡುತುಂಡಾಗುತ್ತದೆ. ಆ ತುಂಡುಗಳನ್ನು ಸ್ಲೈಡಿನಲ್ಲಿ ಹೊಂದಿಸಿದರೆ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ, ಪ್ರೊಜೆಕ್ಟರಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಇಂಥಲ್ಲಿ ತುಂಡುಗಳನ್ನು ಬಿಟ್ಟು, ಮೇಲೆ ಹೇಳಿದ `pdftoppm` ಆದೇಶದಿಂದ ಇಡೀ ಪುಟವನ್ನು 300ರ ಸಾಂದ್ರತೆಯಲ್ಲಿ ಚಿತ್ರ ಮಾಡಿ, ಫೋಟೊ ಇರುವಷ್ಟು ಜಾಗ ಕತ್ತರಿಸಿಕೊಳ್ಳಿ. ಫೋಟೊ ಮೇಲೆ ಅಕ್ಷರವಿದ್ದರೆ ಅದೂ ಅಂಟಿಕೊಂಡೇ ಬರುತ್ತದೆ, ಅದಕ್ಕೆ ಸುಲಭದ ಪರಿಹಾರವಿಲ್ಲ. ಮೆಣಸಿನ ಬಳ್ಳಿಯ ಫೋಟೊದಲ್ಲಿ ಅಕ್ಷರ ಇದ್ದದ್ದು ಕೆಳಗಿನ ಕಾಲುಭಾಗದಲ್ಲಿ ಮಾತ್ರ. ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಬಳಸಿದೆವು.

ಗಾತ್ರದ ಲೆಕ್ಕವನ್ನೂ ಒಮ್ಮೆ ಹಾಕಿ. ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ವಾಡಿಕೆ. ಬ್ರೋಷರ್‌ನ ಒಂದು ಅಂಕಣ ಸುಮಾರು 100 ಮಿಲಿಮೀಟರ್ ಅಗಲ, ಅಂದರೆ ಅಂಕಣದ ಅಗಲದ ಫೋಟೊದಲ್ಲಿ ಸುಮಾರು 1,180 ಚುಕ್ಕೆ. ಸಾಮಾನ್ಯ ಪ್ರೊಜೆಕ್ಟರ್ ಅಥವಾ ಟಿವಿ ಪರದೆಯ ಅಗಲ 1,920. ಹಾಗಾಗಿ ಅಂಥ ಫೋಟೊ ಅರ್ಧ ಸ್ಲೈಡಿಗೆ ಚೆನ್ನಾಗಿ ಒಪ್ಪುತ್ತದೆ, ಪೂರ್ತಿ ಸ್ಲೈಡಿಗೆ ಎಳೆದರೆ ಮಸುಕಾಗುತ್ತದೆ.

ಹಂತ 3: ಲಾಂಛನ, ನಕ್ಷೆ, ಚಿಹ್ನೆಗಳು

ಇವು ಫೋಟೊ ಪಟ್ಟಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಇವು ಚುಕ್ಕೆಗಳಲ್ಲ, ಗೆರೆಗಳು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಪುಟ ತೆರೆಯಿರಿ. ಎಲ್ಲ ಒಂದೇ ಗುಂಪಾಗಿ ಬಂದಿದ್ದರೆ `Ctrl+Shift+G` ಒತ್ತಿ ಬಿಡಿಸಿ. ಲಾಂಛನವನ್ನು ಮಾತ್ರ ಆಯ್ದು ಹೊಸ ಪುಟಕ್ಕೆ ನಕಲು ಮಾಡಿ, `Ctrl+Shift+R` ಒತ್ತಿದರೆ ಪುಟ ಲಾಂಛನದ ಅಳತೆಗೆ ಕುಗ್ಗುತ್ತದೆ. ಅದನ್ನು ಎಸ್‌ವಿಜಿಯಾಗಿ ಉಳಿಸಿ.

ಪವರ್‌ಪಾಯಿಂಟ್ 2019 ಮತ್ತು ಈಚಿನ ಆವೃತ್ತಿಗಳು ಎಸ್‌ವಿಜಿಯನ್ನು ಚಿತ್ರದಂತೆ ಸೇರಿಸಿಕೊಳ್ಳುತ್ತವೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಒಂದೊಂದು ಭಾಗವನ್ನು ಬೇರೆಯಾಗಿ ತಿದ್ದಬೇಕಾದರೆ `Graphics Format` ಪಟ್ಟಿಯಲ್ಲಿ `Convert to Shape` ಒತ್ತಿ, ಅದು ಪವರ್‌ಪಾಯಿಂಟಿನದೇ ಆಕೃತಿಯಾಗುತ್ತದೆ. ಲಾಂಛನಕ್ಕೆ ಇದನ್ನು ಮಾಡದಿರುವುದೇ ಒಳ್ಳೆಯದು, ಕೈತಪ್ಪಿ ಒಂದು ತುಂಡು ಸರಿದರೂ ಲಾಂಛನ ಕೆಡುತ್ತದೆ. ದಾರಿಯ ನಕ್ಷೆಗೆ ಮಾಡಿ. ಹೊಸ ಗೋದಾಮಿನ ಗುರುತು ಹಾಕಲು ಕಾರ್ಯದರ್ಶಿಗಳಿಗೆ ಅದರಿಂದಲೇ ಸಾಧ್ಯವಾಯಿತು.

ಹಂತ 4: ಸ್ಲೈಡಿನಲ್ಲಿ ಜಾಗ ಮಾಡುವುದು

ಹೆಚ್ಚಿನವರು ಗಮನಿಸದ ವ್ಯತ್ಯಾಸ ಇಲ್ಲಿದೆ. ಪವರ್‌ಪಾಯಿಂಟಿನಲ್ಲಿ ಅಕ್ಷರ ಇರಲು ಎರಡು ಬಗೆಯ ಜಾಗವಿದೆ. ನೀವೇ ಎಳೆದು ಮಾಡುವ ಟೆಕ್ಸ್ಟ್ ಬಾಕ್ಸ್ ಒಂದು, ಸ್ಲೈಡಿನ ವಿನ್ಯಾಸದೊಳಗೇ ಕಾದಿರಿಸಿದ ಪ್ಲೇಸ್‌ಹೋಲ್ಡರ್ ಇನ್ನೊಂದು. ಪ್ಲೇಸ್‌ಹೋಲ್ಡರ್‌ನಲ್ಲಿರುವ ಪಠ್ಯಕ್ಕೆ ತಾನು ಶೀರ್ಷಿಕೆಯೋ ವಿವರವೋ ಎಂಬುದು ಗೊತ್ತಿರುತ್ತದೆ. ಮಾಸ್ಟರಿನಲ್ಲಿ ಒಮ್ಮೆ ಗಾತ್ರ ಬದಲಿಸಿದರೆ ಎಲ್ಲ ಸ್ಲೈಡೂ ಬದಲಾಗುತ್ತದೆ. ಟೆಕ್ಸ್ಟ್ ಬಾಕ್ಸ್ ಮಾತ್ರ ಎಲ್ಲಿ ಇಟ್ಟಿರೋ ಅಲ್ಲೇ ಇರುತ್ತದೆ, ಹೇಗಿತ್ತೋ ಹಾಗೇ ಇರುತ್ತದೆ. ಪರಿವರ್ತಕಗಳು ಕೊಡುವುದು ಬಹುಮಟ್ಟಿಗೆ ಬರೀ ಟೆಕ್ಸ್ಟ್ ಬಾಕ್ಸುಗಳನ್ನೇ. ಅದಕ್ಕೇ ಅವನ್ನು ತಿದ್ದುವುದು ಅಷ್ಟು ಕಷ್ಟ.

`View` ಪಟ್ಟಿಯಿಂದ `Slide Master` ತೆರೆದು `Insert Layout` ಒತ್ತಿ. ನಮಗೆ ಮೂರು ವಿನ್ಯಾಸ ಸಾಕಾಯಿತು: ಮುಖಪುಟಕ್ಕೆ ಒಂದು, ಎಡಕ್ಕೆ ಫೋಟೊ ಬಲಕ್ಕೆ ವಿವರ ಇರುವ ಇನ್ನೊಂದು, ಪಟ್ಟಿ ಅಥವಾ ಕೋಷ್ಟಕಕ್ಕೆ ಮತ್ತೊಂದು. ಪ್ರತಿಯೊಂದಕ್ಕೂ `Insert Placeholder`ನಿಂದ ಪಠ್ಯದ ಜಾಗ, ಚಿತ್ರದ ಜಾಗ ಹಾಕಿ. ಬ್ರೋಷರ್‌ನ ಹಸಿರು ಪಟ್ಟಿ, ಲಾಂಛನ ಇತ್ಯಾದಿ ಎಲ್ಲ ಸ್ಲೈಡಿನಲ್ಲೂ ಬರುವ ಅಲಂಕಾರವನ್ನು ಇಲ್ಲೇ ಇಡಿ. ಹಾಗಿಟ್ಟರೆ ಸಾಮಾನ್ಯ ಸ್ಲೈಡಿನಲ್ಲಿ ಅಕ್ಷರ ಹಿಡಿಯಲು ಹೋದಾಗ ಪಟ್ಟಿ ಕೈಗೆ ಬರುವ ಕಾಟವಿಲ್ಲ.

ಕನ್ನಡಕ್ಕೆ ಫಾಂಟ್ ಆರಿಸುವಾಗ ಚಂದಕ್ಕಿಂತ ಮೊದಲು, ಎದುರಿನ ಕಂಪ್ಯೂಟರಿನಲ್ಲಿ ಅದು ಇದೆಯೇ ಎಂದು ಯೋಚಿಸಿ. ನಿರ್ಮಲಾ ಯುಐ ವಿಂಡೋಸ್ 8ರಿಂದ ಈಚೆಗೆ ಎಲ್ಲ ವಿಂಡೋಸ್‌ನಲ್ಲೂ ಬರುತ್ತದೆ. ತುಂಗಾ ಹಾಗಲ್ಲ, ವಿಂಡೋಸ್ 10ರಿಂದ ಅದು ಬೇಕಾದವರು ಸೇರಿಸಿಕೊಳ್ಳುವ ಐಚ್ಛಿಕ ಫಾಂಟು. ನಾನು ನಿರ್ಮಲಾವನ್ನೇ ಹಾಕಿದೆ. ಅಕ್ಷರಮಾದರಿ ಸಾದಾ, ಆದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿ ಚೌಕಚೌಕ ಕಾಣುವ ಭಯವಿಲ್ಲ.

ಹಂತ 5: ಪಠ್ಯ ಮತ್ತು ಫೋಟೊ ಇಳಿಸುವುದು

ವರ್ಡ್ ಕಡತಕ್ಕೆ ಮರಳಿ. ಸ್ಲೈಡಿನ ಶೀರ್ಷಿಕೆಯಾಗಬೇಕಾದ ಸಾಲಿಗೆ `Heading 1`, ಒಳಗಿನ ಸಾಲುಗಳಿಗೆ `Heading 2` ಶೈಲಿ ಕೊಡಿ. `Normal` ಶೈಲಿಯಲ್ಲಿ ಉಳಿದ ಸಾಲುಗಳು ಸ್ಲೈಡಿಗೆ ಬರುವುದಿಲ್ಲ, ಅದನ್ನು ನೆನಪಿಡಿ. ಕಡತ ಉಳಿಸಿ ಮುಚ್ಚಿ. ಪವರ್‌ಪಾಯಿಂಟಿನಲ್ಲಿ `New Slide` ಕೆಳಗಿನ ಬಾಣ ಒತ್ತಿ `Slides from Outline` ಆಯ್ದು ಆ ಕಡತ ತೋರಿಸಿ. ಪ್ರತಿ ಶೀರ್ಷಿಕೆಗೆ ಒಂದು ಸ್ಲೈಡು ತಾನಾಗಿ ತಯಾರಾಗುತ್ತದೆ, ಪಠ್ಯ ಪ್ಲೇಸ್‌ಹೋಲ್ಡರ್‌ನಲ್ಲೇ ಕೂತಿರುತ್ತದೆ. ಎಲ್ಲ ಆಯ್ದು `Reset` ಒತ್ತಿದರೆ ವರ್ಡ್‌ನಿಂದ ಬಂದ ಬಣ್ಣ ಹೋಗಿ ನಿಮ್ಮ ವಿನ್ಯಾಸ ಹತ್ತುತ್ತದೆ.

ಆಮೇಲೆ ಒಂದೊಂದು ಸ್ಲೈಡಿಗೂ ಸೂಕ್ತ ವಿನ್ಯಾಸ ಕೊಟ್ಟು, ಚಿತ್ರದ ಜಾಗದ ನಡುವಿನ ಚಿಹ್ನೆ ಒತ್ತಿ ಫೋಟೊ ಸೇರಿಸಿ. ಫೋಟೊ ಆ ಚೌಕಕ್ಕೆ ತಾನೇ ಹೊಂದಿ ಕತ್ತರಿಸಿಕೊಳ್ಳುತ್ತದೆ. ಬೇಕಾದ ಭಾಗ ಮರೆಯಾದರೆ `Crop` ಒತ್ತಿ ಒಳಗೆ ಸರಿಸಿ.

ಬ್ರೋಷರ್‌ನ 9 ಅಥವಾ 10 ಪಾಯಿಂಟಿನ ಪ್ಯಾರಾ ಸ್ಲೈಡಿನಲ್ಲಿ ಹಿಡಿಸುವುದಿಲ್ಲ. 18ಕ್ಕಿಂತ ಕೆಳಗೆ ಇಳಿಸಿದರೆ ಹಿಂದಿನ ಸಾಲಿನವರಿಗೆ ಕಾಣದು. ಜೇನು ಸಂಗ್ರಹದ ಪ್ಯಾರಾದಿಂದ ಮೂರು ಸಾಲು ಸ್ಲೈಡಿನಲ್ಲಿ ಉಳಿಸಿ, ಪೂರ್ತಿ ಪಠ್ಯವನ್ನು ಕೆಳಗಿನ `Notes` ಜಾಗಕ್ಕೆ ಹಾಕಿದೆವು. ಏನೂ ಕಳೆದುಹೋಗಲಿಲ್ಲ, ಕಾರ್ಯದರ್ಶಿಗಳಿಗೆ ಮಾತಾಡಲು ಅದೇ ಚೀಟಿಯಾಯಿತು.

ಬೆಲೆಪಟ್ಟಿಯ ವಿಷಯ ಬೇರೆ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಕೋಷ್ಟಕ ಎಂಬುದೇ ಇರುವುದಿಲ್ಲ, ಗೆರೆಗಳು ಬೇರೆ, ಅಂಕಿಗಳು ಬೇರೆ. ನಮ್ಮ ಪಟ್ಟಿಯಲ್ಲಿ ಉತ್ಪನ್ನ, ತೂಕ, ಬೆಲೆ ಎಂಬ ಮೂರು ಕಾಲಂ, ಎಂಟು ಸಾಲು ಇದ್ದವು. ಪರಿವರ್ತಕ ಅದನ್ನು ಇಪ್ಪತ್ತನಾಲ್ಕು ಪೆಟ್ಟಿಗೆ ಮಾಡಿತ್ತು. ಪಠ್ಯವನ್ನು ಎಕ್ಸೆಲ್‌ಗೆ ಹಾಕಿ ಕಾಲಂ ಸರಿಮಾಡಿ, ಅಲ್ಲಿಂದ ಸ್ಲೈಡಿಗೆ ಅಂಟಿಸಿದರೆ ನಿಜವಾದ ಕೋಷ್ಟಕ ಸಿಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇಡೀ ಪುಟವನ್ನು ಹಿನ್ನೆಲೆ ಚಿತ್ರವಾಗಿಟ್ಟು, ತಿದ್ದಬೇಕಾದ ಕಡೆ ಬಿಳಿ ಚೌಕ ಮುಚ್ಚಿ ಮೇಲೆ ಬರೆಯುವುದನ್ನು ಹಲವರು ಮಾಡುತ್ತಾರೆ. ಇವತ್ತಿನ ಮಟ್ಟಿಗೆ ಕೆಲಸ ನಡೆಯುತ್ತದೆ. ಮುಂದಿನ ಸಲ ಬೇರೆಯವರು ತೆರೆದಾಗ ಯಾವುದು ಚಿತ್ರ, ಯಾವುದು ಅಕ್ಷರ ಎಂದು ತಿಳಿಯದೆ ಮತ್ತೊಂದು ಬಿಳಿ ಚೌಕ ಹಾಕುತ್ತಾರೆ.

ಪವರ್‌ಪಾಯಿಂಟಿನ `Insert`ನಲ್ಲಿ `Object` ಒತ್ತಿ ಪಿಡಿಎಫ್ ಸೇರಿಸಿದರೂ ಅಷ್ಟೇ. ಕಾಣುವುದು ಮೊದಲ ಪುಟದ ಚಿತ್ರ, ಒಳಗೆ ಏನನ್ನೂ ತಿದ್ದಲಾಗದು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಬ್ರೋಷರ್‌ನಿಂದ ಶುರುಮಾಡಬೇಡಿ. ಅದು ಕುಗ್ಗಿಹೋಗಿರುತ್ತದೆ. ಪಿಡಿಎಫ್ ಅನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸ್ಲೈಡು ಉಳಿಸುವಾಗ ಪವರ್‌ಪಾಯಿಂಟ್ ತಾನಾಗಿ ಫೋಟೊಗಳನ್ನು ಕುಗ್ಗಿಸುವುದುಂಟು. ಕಷ್ಟಪಟ್ಟು ತೆಗೆದ ಮೂಲ ಫೋಟೊಗಳನ್ನು ಪ್ರತ್ಯೇಕ ಫೋಲ್ಡರಿನಲ್ಲೂ ಇಟ್ಟುಕೊಳ್ಳಿ.

ಎರಡು ಎಚ್ಚರಿಕೆ

ಬ್ರೋಷರ್‌ನಲ್ಲಿ ಕತ್ತರಿಸಿದಂತೆ ಕಾಣುವ ಫೋಟೊ ಪಿಡಿಎಫ್ ಒಳಗೆ ಪೂರ್ತಿಯಾಗಿಯೇ ಇರಬಹುದು. ವಿನ್ಯಾಸಕಾರ ಒಂದು ಕಿಟಕಿಯಿಟ್ಟು ಬೇಕಾದಷ್ಟು ತೋರಿಸಿರುತ್ತಾನೆ, ಉಳಿದದ್ದು ಹಿಂದೆ ಅವಿತಿರುತ್ತದೆ. ನಾವು ತೆಗೆದ ಒಂದು ಫೋಟೊದ ಅಂಚಿನಲ್ಲಿ ಗೋಡೆಗೆ ಅಂಟಿಸಿದ ಸದಸ್ಯರ ಸಾಲದ ಪಟ್ಟಿ ಓದುವಷ್ಟು ಸ್ಪಷ್ಟವಾಗಿತ್ತು. ಸ್ಲೈಡಿನಲ್ಲಿ `Crop` ಮಾಡಿದರೂ ಆ ಭಾಗ ಕಡತದೊಳಗೆ ಉಳಿಯುತ್ತದೆ. `Compress Pictures` ಪೆಟ್ಟಿಗೆಯಲ್ಲಿ `Delete cropped areas of pictures` ಗುರುತು ಹಾಕಿದರೆ ಮಾತ್ರ ಹೋಗುತ್ತದೆ.

ಉಚಿತ ವೆಬ್ ಪರಿವರ್ತಕಕ್ಕೆ ಹಾಕಿದ ಕಡತ ಇನ್ನೊಬ್ಬರ ಕಂಪ್ಯೂಟರಿಗೆ ಹೋಗಿರುತ್ತದೆ. ಹಂಚಲು ಮಾಡಿದ ಬ್ರೋಷರ್‌ಗೆ ಅದರಿಂದ ನಷ್ಟವಿಲ್ಲ. ಖಾತೆ ಸಂಖ್ಯೆ, ಸದಸ್ಯರ ವಿವರ ಇರುವ ಪುಟವನ್ನು ಮಾತ್ರ ಮೊದಲೇ ಬೇರ್ಪಡಿಸಿ.

ಪರಿವರ್ತಕವೇ ಸಾಕಾಗುವ ಸಂದರ್ಭ

ಪಿಡಿಎಫ್ ಮೂಲದಲ್ಲಿ ಪವರ್‌ಪಾಯಿಂಟಿನಿಂದಲೇ ಬಂದದ್ದಾಗಿದ್ದು, ಪಠ್ಯ ಇಂಗ್ಲಿಷ್ ಅಥವಾ ಯೂನಿಕೋಡ್ ಆಗಿದ್ದರೆ ಆಕ್ರೋಬ್ಯಾಟ್‌ನ ಹಣ ಕೊಟ್ಟು ಕೊಳ್ಳುವ ಆವೃತ್ತಿ ಅದನ್ನು ಸಾಕಷ್ಟು ಚೆನ್ನಾಗಿ ಮರಳಿ ತರುತ್ತದೆ. ಲಿಬ್ರೆಆಫೀಸ್ ಡ್ರಾನಲ್ಲಿ ತೆರೆದರೆ ಸಾಲಿಗೊಂದು ಪೆಟ್ಟಿಗೆ ಬರುತ್ತದೆ, ಆದರೆ ಅವನ್ನೆಲ್ಲ ಆಯ್ದು `Shape` ಪಟ್ಟಿಯ `Consolidate Text` ಒತ್ತಿದರೆ ಒಂದೇ ಪೆಟ್ಟಿಗೆಯಾಗುತ್ತವೆ. ಒಂದೆರಡು ಪ್ಯಾರಾ ಇದ್ದರೆ ಅಷ್ಟೇ ಸಾಕು. ಪರಿವರ್ತಕ ಈಗಾಗಲೇ ಕೊಟ್ಟ ಕಡತವನ್ನೂ ಎಸೆಯಬೇಡಿ. ಅದರ ಹೆಸರಿನ ಕೊನೆಯ `.pptx` ತೆಗೆದು `.zip` ಮಾಡಿ ಬಿಚ್ಚಿದರೆ `ppt/media` ಫೋಲ್ಡರಿನಲ್ಲಿ ಫೋಟೊಗಳೆಲ್ಲ ಇರುತ್ತವೆ. ಆದೇಶ ಟೈಪ್ ಮಾಡಲು ಇಷ್ಟವಿಲ್ಲದವರಿಗೆ ಫೋಟೊ ತೆಗೆಯುವ ಒಳದಾರಿ ಇದು.

ಕೆಲಸ ಸರಿಯಾಗಿದೆಯೇ? ಹೀಗೆ ನೋಡಿ

`View` ಪಟ್ಟಿಯಲ್ಲಿ `Outline View` ಒತ್ತಿ. ಎಡಗಡೆ ಪ್ರತಿ ಸ್ಲೈಡಿನ ಶೀರ್ಷಿಕೆ, ವಿವರ ಕಾಣಬೇಕು. ಟೆಕ್ಸ್ಟ್ ಬಾಕ್ಸಿನ ಪಠ್ಯ ಅಲ್ಲಿ ಬರುವುದಿಲ್ಲ, ಆದ್ದರಿಂದ ಖಾಲಿ ಕಂಡ ಸ್ಲೈಡುಗಳೇ ಇನ್ನೂ ಕೆಲಸ ಬಾಕಿ ಇರುವಂಥವು. ಆಮೇಲೆ `Alt+F10` ಒತ್ತಿದರೆ ಸ್ಲೈಡಿನಲ್ಲಿರುವ ವಸ್ತುಗಳ ಪಟ್ಟಿ ಬರುತ್ತದೆ. ಜೇನಿನ ಸ್ಲೈಡಿನಲ್ಲಿ ಪರಿವರ್ತಕದ ಕಡತದಲ್ಲಿ ನಲವತ್ತಕ್ಕೂ ಹೆಚ್ಚು ಇದ್ದವು, ನಮ್ಮದರಲ್ಲಿ ಮೂರು: ಶೀರ್ಷಿಕೆ, ವಿವರ, ಫೋಟೊ. ಕೊನೆಗೆ ಒಂದು ಫೋಟೊ ಮೇಲೆ ಬಲ ಕ್ಲಿಕ್ ಮಾಡಿ `Change Picture` ಒತ್ತಿ ಬೇರೆ ಫೋಟೊ ಕೊಡಿ. ಅದೇ ಚೌಕದಲ್ಲಿ ಅದೇ ಅಳತೆಗೆ ಕೂತರೆ ಸರಿ. ನಿಮ್ಮದಲ್ಲದ ಒಂದು ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ಒತ್ತಕ್ಷರಗಳು ನೆಟ್ಟಗಿವೆಯೇ ನೋಡಿಬಿಡಿ.

ಸೋಮವಾರ ಬೆಳಿಗ್ಗೆ ಮೆಣಸಿನ ದರ ಬದಲಾಗಿತ್ತು. ಬ್ಯಾಂಕಿನ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕಾರ್ಯದರ್ಶಿಗಳು ಕೋಷ್ಟಕದ ಒಂದು ಚೌಕದಲ್ಲಿ ಹೊಸ ಅಂಕಿ ಟೈಪ್ ಮಾಡಿ, ಉಳಿಸಿ, ಒಳಗೆ ಹೋದರು.